ಬೇರೆ ದಾರಿ ಇರಲಿಲ್ಲವೇ?

ಇಚ್ಛಾಸ್ವಾತಂತ್ರ್ಯ ಇದೆಯೋ ಇಲ್ಲವೋ ಎಂಬ ಪ್ರಶ್ನೆಯಿಂದಲೇ ತತ್ತ್ವಶಾಸ್ತ್ರದ ಸೆಮಿನಾರ್ ಶುರುಮಾಡಿದರೆ ಐದು ನಿಮಿಷದಲ್ಲಿ ತರಗತಿ ಎರಡು ಪಕ್ಷವಾಗುತ್ತದೆ. ಒಂದು ಕಡೆ ‘ಎಲ್ಲ ಹಣೆಬರಹ’ ಎನ್ನುವವರು, ಇನ್ನೊಂದು ಕಡೆ ‘ಎಲ್ಲ ನಮ್ಮ ಕೈಯಲ್ಲೇ ಇದೆ’ ಎನ್ನುವವರು. ಆಮೇಲೆ ನಡೆಯುವುದು ಚರ್ಚಾಸ್ಪರ್ಧೆ. ಗಂಟೆ ಹೊಡೆದಾಗ ಪ್ರತಿಯೊಬ್ಬರೂ ತಾವು ತಂದ ಅಭಿಪ್ರಾಯವನ್ನೇ ಹೊತ್ತುಕೊಂಡು ಮನೆಗೆ ಹೋಗುತ್ತಾರೆ.

ಸಾಕ್ರಟೀಸನ ಪದ್ಧತಿಯಲ್ಲಿ ಈ ವಿಷಯವನ್ನು ನಡೆಸುವವರು ಆ ಪ್ರಶ್ನೆಯನ್ನು ಕೊನೆಯವರೆಗೂ ಬಚ್ಚಿಟ್ಟುಕೊಳ್ಳಬೇಕು. ಜರ್ಮನಿಯ ಗ್ಯೋಟಿಂಗನ್‌ನಲ್ಲಿ ಪಾಠ ಮಾಡುತ್ತಿದ್ದ ಲಿಯೊನಾರ್ಡ್ ನೆಲ್ಸನ್ 1922ರಲ್ಲಿ ಸಾಕ್ರಟೀಸನ ವಿಧಾನದ ಕುರಿತು ಒಂದು ಪ್ರಸಿದ್ಧ ಉಪನ್ಯಾಸ ಕೊಟ್ಟ. ಮುಂದೆ ಅವನ ಶಿಷ್ಯ ಗುಸ್ತಾವ್ ಹೆಕ್‌ಮನ್ ಅದನ್ನು ಗುಂಪುಚರ್ಚೆಯ ಶಿಸ್ತಾಗಿ ಬೆಳೆಸಿದ. ಅವರ ಮುಖ್ಯ ಕಟ್ಟುಪಾಡುಗಳು ಎರಡು. ಚರ್ಚೆ ಭಾಗವಹಿಸುವವರ ಸ್ವಂತ ಅನುಭವದ ಒಂದು ಘಟನೆಯಿಂದ ಹೊರಡಬೇಕು. ನಡೆಸುವವರು ತಮ್ಮ ಅಭಿಪ್ರಾಯವನ್ನು ಬಾಯಿಬಿಡಬಾರದು. ಎರಡನೆಯದು ಮೇಷ್ಟ್ರುಗಳಿಗೆ ಎಷ್ಟು ಕಷ್ಟ ಎಂಬುದು ನಮ್ಮ ಜಾತಿಯವರಿಗೇ ಗೊತ್ತು.

ಘಟನೆ ಚಿಕ್ಕದಿದ್ದಷ್ಟೂ ಒಳ್ಳೆಯದು. ಕೊಲೆ, ಯುದ್ಧ, ಹಿಟ್ಲರ್ ಬೇಡ. ಅಂಥವುಗಳ ಬಗ್ಗೆ ಎಲ್ಲರಿಗೂ ಸಿದ್ಧ ಉತ್ತರ ಇರುತ್ತದೆ. ಒಬ್ಬ ವಿದ್ಯಾರ್ಥಿನಿ, ಬಾರದ ಗೆಳತಿಯ ಹೆಸರಿನ ಮುಂದೆ ಹಾಜರಿ ಹಾಳೆಯಲ್ಲಿ ತಾನೇ ಸಹಿ ಹಾಕಿದ್ದಳು ಎನ್ನೋಣ. ಕಾಲೇಜಿನಲ್ಲಿ ಇದಕ್ಕೆ ಪ್ರಾಕ್ಸಿ ಎನ್ನುತ್ತಾರೆ, ಹಾಕದವರು ಕಡಿಮೆ. ಅವಳು ಅದನ್ನು ಹೇಳಿಕೊಳ್ಳಲು ಸಿದ್ಧಳಿದ್ದಾಳೆ, ಅದರಿಂದ ಈಗ ಅವಳಿಗೆ ತೊಂದರೆಯೂ ಇಲ್ಲ.

ಮೊದಲ ಪ್ರಶ್ನೆ ಸುಲಭದ್ದು. “ಆ ಸಹಿ ಯಾರ ತಪ್ಪು?” “ನನ್ನದೇ ಸರ್. ಅವಳು ಕೇಳಿದಳು, ಆದರೆ ಹಾಕಿದ್ದು ನಾನು.” ಇಲ್ಲಿ ಸ್ವಾತಂತ್ರ್ಯದ ಮಾತೇ ಬಂದಿಲ್ಲ, ಹೊಣೆಯ ಮಾತು ಬಂದಿದೆ. ಬೇಕಾದ್ದೂ ಅದೇ. ಇಚ್ಛಾಸ್ವಾತಂತ್ರ್ಯ ನಮಗೆ ತಲೆನೋವಾಗುವುದೇ ಹೊಣೆ ಹೊರಿಸುವ ಅಭ್ಯಾಸ ನಮಗಿರುವುದರಿಂದ.

ಎರಡನೆಯ ಪ್ರಶ್ನೆ: “ಏನು ಬದಲಾಗಿದ್ದರೆ ಅದು ನಿನ್ನ ತಪ್ಪಲ್ಲ ಎನ್ನುತ್ತಿದ್ದೆ?” ಇದಕ್ಕೆ ಇಡೀ ತರಗತಿ ಉತ್ತರಿಸಲಿ. ಯಾರೋ ಕೈ ಹಿಡಿದು ಬರೆಸಿದ್ದರೆ. ಚಾಕು ತೋರಿಸಿದ್ದರೆ. ನಿದ್ದೆಗಣ್ಣಿನಲ್ಲಿ ಬರೆದಿದ್ದರೆ. ಅದು ಹಾಜರಿ ಹಾಳೆ ಎಂದೇ ಗೊತ್ತಿರದಿದ್ದರೆ. ಹಲಗೆಯ ಮೇಲೆ ಇವನ್ನು ಬರೆಯುತ್ತಾ ಹೋಗಿ, “ಇವುಗಳಲ್ಲಿ ಸಮಾನವಾದದ್ದೇನು?” ಎಂದು ಕೇಳಿದರೆ ಯಾರಾದರೊಬ್ಬರು ಹೇಳೇ ಹೇಳುತ್ತಾರೆ: “ಬೇರೆ ದಾರಿ ಇರಲಿಲ್ಲ.” ಗೊತ್ತಿಲ್ಲದೆ ಮಾಡಿದ್ದು ಈ ಗುಂಪಿಗೆ ಸೇರುವುದಿಲ್ಲ ಎಂದು ಚುರುಕಿನವರು ತಕರಾರು ತೆಗೆಯುತ್ತಾರೆ. ಅದು ಸರಿ. ಅರಿಸ್ಟಾಟಲ್ ಕೂಡ ಬಲವಂತವನ್ನೂ ಅರಿವಿಲ್ಲದಿರುವುದನ್ನೂ ಎರಡು ಬೇರೆ ನೆಪಗಳೆಂದೇ ಇಟ್ಟ. ಅದನ್ನು ಬದಿಗಿಟ್ಟು ಉಳಿದದ್ದನ್ನು ಒಂದು ವಾಕ್ಯ ಮಾಡಿಸಬೇಕು, ಅವರದೇ ಮಾತಿನಲ್ಲಿ: ‘ಬೇರೆ ರೀತಿ ಮಾಡಲು ಸಾಧ್ಯವಿದ್ದರೆ ಮಾತ್ರ ಮಾಡಿದ್ದಕ್ಕೆ ನಾನು ಹೊಣೆ.’

ಈ ವಾಕ್ಯವನ್ನು ಅಳಿಸಬಾರದು. ಇಡೀ ಸೆಮಿನಾರು ನಿಂತಿರುವುದು ಇದರ ಮೇಲೆ. ಪ್ಲೇಟೋನ ಆರಂಭದ ಸಂವಾದಗಳಲ್ಲಿ ಸಾಕ್ರಟೀಸ್ ಮಾಡುವುದೂ ಇದನ್ನೇ. ಎದುರಿನವನಿಂದ ಒಂದು ಮಾತು ಆಡಿಸುತ್ತಾನೆ. ಆಮೇಲೆ ಅದಕ್ಕೆ ಸಂಬಂಧವೇ ಇಲ್ಲವೆಂಬಂತೆ ತೋರುವ ಬೇರೆ ಕೆಲವು ಮಾತುಗಳಿಗೆ ಒಪ್ಪಿಗೆ ಪಡೆಯುತ್ತಾನೆ. ಕೊನೆಗೆ ಅವೆಲ್ಲ ಸೇರಿ ಮೊದಲ ಮಾತನ್ನೇ ಹೊಡೆದುಹಾಕುತ್ತವೆ ಎಂದು ತೋರಿಸುತ್ತಾನೆ. ಗ್ರೀಕರು ಇದನ್ನು ಎಲೆಂಕಸ್ ಎಂದರು. ಉತ್ತರಿಸುವವನು ನಿಜವಾಗಿ ನಂಬಿದ್ದನ್ನೇ ಹೇಳಬೇಕು, ವಾದಕ್ಕೋಸ್ಕರ ಹೇಳಬಾರದು ಎಂಬುದು ಅದರ ಷರತ್ತು. ಅದಕ್ಕೇ ವಾಕ್ಯ ವಿದ್ಯಾರ್ಥಿಗಳ ಬಾಯಿಂದಲೇ ಬರಬೇಕು. ಪುಸ್ತಕದಿಂದ ಬಂದಿದ್ದರೆ ಅದು ಬಿದ್ದರೂ ಯಾರಿಗೂ ನೋವಾಗುವುದಿಲ್ಲ.

ಈಗ ಮೂರನೆಯ ಪ್ರಶ್ನೆ. ಜಾನ್ ಲಾಕ್ ಹದಿನೇಳನೆಯ ಶತಮಾನದಲ್ಲೇ ಒಂದು ಚಿತ್ರ ಕೊಟ್ಟಿದ್ದ. ನಿದ್ದೆಯಲ್ಲಿರುವವನೊಬ್ಬನನ್ನು ಎತ್ತಿಕೊಂಡು ಹೋಗಿ ಒಂದು ಕೋಣೆಯಲ್ಲಿ ಬಿಟ್ಟು ಹೊರಗಿನಿಂದ ಬೀಗ ಹಾಕುತ್ತಾರೆ. ಎದ್ದು ನೋಡಿದರೆ ಅವನು ಬಹುಕಾಲದಿಂದ ಭೇಟಿಯಾಗಬೇಕೆಂದಿದ್ದ ವ್ಯಕ್ತಿ ಅಲ್ಲೇ ಇದ್ದಾರೆ. ಅವನು ಸಂತೋಷದಿಂದ ಮಾತಾಡುತ್ತಾ ಕೂರುತ್ತಾನೆ. ಬಾಗಿಲಿನ ಕಡೆ ನೋಡುವುದೂ ಇಲ್ಲ. “ಅವನು ಇಷ್ಟಪಟ್ಟು ಕೂತಿದ್ದಾನೋ ಇಲ್ಲವೋ?” ಹೌದು ಎನ್ನುತ್ತಾರೆ. “ಹೊರಗೆ ಹೋಗಲು ಸಾಧ್ಯವಿತ್ತೇ?” ಇಲ್ಲ. ಇಲ್ಲಿ ತರಗತಿ ಒಂದು ಕ್ಷಣ ತಡೆಯುತ್ತದೆ. ಆದರೆ ಇದು ನೆಲ ಹದಮಾಡುವ ಕೆಲಸ ಮಾತ್ರ. ಕೋಣೆಯಲ್ಲಿ ಕೂತವನ ಮೇಲೆ ತಪ್ಪೇನೂ ಇಲ್ಲವಾದ್ದರಿಂದ ಹಲಗೆಯ ಮೇಲಿನ ವಾಕ್ಯ ಇನ್ನೂ ಗಟ್ಟಿಯಾಗಿಯೇ ಇದೆ. ಹೆಚ್ಚು ಹೊತ್ತು ನಿಲ್ಲಬಾರದು.

ನಾಲ್ಕನೆಯದು ನಿಜವಾದ ಪೆಟ್ಟು. ಅಮೆರಿಕದ ಹ್ಯಾರಿ ಫ್ರಾಂಕ್‌ಫರ್ಟ್ 1969ರಲ್ಲಿ ಒಂದು ಸಣ್ಣ ಲೇಖನ ಬರೆದ. ಅದರಲ್ಲಿ ಬ್ಲ್ಯಾಕ್ ಎಂಬವನಿಗೆ ಜೋನ್ಸ್ ಒಂದು ಕೆಲಸ ಮಾಡಲೇಬೇಕೆಂಬ ಹಟ. ಆದರೆ ಸುಮ್ಮನೆ ಕೈ ಕೊಳೆ ಮಾಡಿಕೊಳ್ಳುವುದು ಅವನಿಗೆ ಇಷ್ಟವಿಲ್ಲ. ಜೋನ್ಸ್ ತಾನಾಗಿಯೇ ಮಾಡುವ ಹಾಗಿದ್ದರೆ ಬ್ಲ್ಯಾಕ್ ಸುಮ್ಮನಿರುತ್ತಾನೆ. ಮಾಡುವುದಿಲ್ಲ ಎಂದು ಕಂಡರೆ ಮಾತ್ರ ನಡುವೆ ಬಂದು ಮಾಡಿಸುತ್ತಾನೆ. ಇದನ್ನು ನಮ್ಮ ಹಾಜರಿ ಹಾಳೆಗೆ ಇಳಿಸಿದರೆ ಹೀಗೆ: ಆ ಗೆಳತಿ ನಿನಗೆ ತಿಳಿಯದಂತೆ ನಿನ್ನ ತಲೆಯಲ್ಲಿ ಒಂದು ಯಂತ್ರ ಇಡಿಸಿದ್ದಾಳೆ. ಸಹಿ ಹಾಕುವುದಿಲ್ಲ ಎಂದು ನೀನು ನಿರ್ಧರಿಸಲು ಹೊರಟರೆ ಯಂತ್ರ ಚಾಲೂ ಆಗಿ ನಿನ್ನ ಮನಸ್ಸನ್ನು ತಿರುಗಿಸುತ್ತದೆ. ಆದರೆ ನೀನು ಆ ದಿನ, ನಿಜವಾಗಿ ನಡೆದ ಹಾಗೆಯೇ, ನಿನ್ನಷ್ಟಕ್ಕೆ ನೀನೇ ಸಹಿ ಹಾಕಿದೆ. ಯಂತ್ರ ಒಮ್ಮೆಯೂ ಚಾಲೂ ಆಗಲಿಲ್ಲ.

“ಬೇರೆ ರೀತಿ ಮಾಡಲು ಸಾಧ್ಯವಿತ್ತೇ?” “ಇಲ್ಲ.”

“ಹಾಗಾದರೆ ಅದು ನಿನ್ನ ತಪ್ಪಲ್ಲ?”

ಈ ಪ್ರಶ್ನೆಯ ನಂತರದ ಮೌನವನ್ನು ಮೇಷ್ಟ್ರು ತುಂಬಬಾರದು. ಹೆಚ್ಚಿನವರು ಕೊನೆಗೆ ಹೇಳುವುದು: “ತಪ್ಪು ನನ್ನದೇ. ಯಂತ್ರ ಏನೂ ಮಾಡಲಿಲ್ಲವಲ್ಲ.” ಈಗ ಹಲಗೆಯ ಮೇಲಿನ ವಾಕ್ಯಕ್ಕೂ ಈ ಉತ್ತರಕ್ಕೂ ನೇರ ಜಗಳ.

ಇಲ್ಲೇ ಅನೇಕ ಮೇಷ್ಟ್ರು ಎಡವುವುದು. ‘ನೋಡಿದಿರಾ, ನಿಮ್ಮ ವಾಕ್ಯ ಸುಳ್ಳಾಯಿತು’ ಎಂದು ಡಸ್ಟರ್ ಎತ್ತಿಕೊಳ್ಳುತ್ತಾರೆ. ಗ್ರೆಗರಿ ವ್ಲಾಸ್ಟೋಸ್ ಎಂಬ ವಿದ್ವಾಂಸ 1983ರ ಪ್ರಬಂಧದಲ್ಲಿ ಎತ್ತಿದ ತೊಡಕು ಇದೇ. ಎಲೆಂಕಸ್ ತೋರಿಸುವುದು ಇಷ್ಟು ಮಾತುಗಳು ಒಟ್ಟಿಗೆ ನಿಜವಾಗಿರಲಾರವು ಎಂಬುದನ್ನು ಮಾತ್ರ. ಅವುಗಳಲ್ಲಿ ಸುಳ್ಳು ಯಾವುದು ಎಂಬುದನ್ನು ಅದು ಹೇಳುವುದಿಲ್ಲ. ಹಾಗಾಗಿ ಐದನೆಯ ಪ್ರಶ್ನೆ ಹೀಗಿರಬೇಕು: “ಎರಡರಲ್ಲಿ ಯಾವುದನ್ನು ಬಿಡುತ್ತೀಯಾ? ಬಿಟ್ಟರೆ ಏನು ಕಳೆದುಕೊಳ್ಳುತ್ತೀಯಾ?”

ತರಗತಿ ಇಲ್ಲಿ ಕವಲೊಡೆಯುತ್ತದೆ, ಎರಡೂ ಕವಲುಗಳನ್ನು ನಡೆಯಲು ಬಿಡಬೇಕು. ಕೆಲವರು ವಾಕ್ಯವನ್ನೇ ಬಿಟ್ಟು, ಹೊಣೆಗೆ ಬೇಕಾದದ್ದು ಬೇರೆ ದಾರಿಯಲ್ಲ, ಕೆಲಸ ನನ್ನಿಂದಲೇ ಹೊರಟಿರುವುದು ಎನ್ನುತ್ತಾರೆ. ಇನ್ನು ಕೆಲವರು ಬಿಡುವುದಿಲ್ಲ. “ಇಲ್ಲ ಸರ್, ಅವಳಿಗೆ ಒಂದು ಚೂರು ದಾರಿ ಇತ್ತು. ಹಾಕುವುದಿಲ್ಲ ಅಂತ ನಿರ್ಧರಿಸಲು ಹೊರಡಬಹುದಿತ್ತು. ಯಂತ್ರ ಚಾಲೂ ಆಗುವುದೇ ಆ ಹೊರಟದ್ದನ್ನು ಕಂಡು.” ಇಂಥ ಉತ್ತರ ಬಂದರೆ ಮೇಷ್ಟ್ರು ಒಳಗೊಳಗೇ ಖುಷಿಪಡಬಹುದು. ಜಾನ್ ಮಾರ್ಟಿನ್ ಫಿಷರ್ ‘ಸ್ವಾತಂತ್ರ್ಯದ ಮಿಣುಕು’ ಎಂದು ಹೆಸರಿಟ್ಟದ್ದು ಇದಕ್ಕೇ. ಫಿಷರ್‌ನ ಮರುಪ್ರಶ್ನೆಯನ್ನೇ ಕೇಳಬಹುದು: ಆ ಮಿಣುಕು ಒಂದು ತಪ್ಪಿನ ಭಾರ ಹೊರುವಷ್ಟು ದೊಡ್ಡದೇ? ಹಣೆಯಲ್ಲಿ ತಾನಾಗಿ ಮೂಡುವ ಒಂದು ಗೆರೆಯನ್ನು ಕಂಡು ಯಂತ್ರ ಚಾಲೂ ಆಗುತ್ತದೆ ಎಂದಿಟ್ಟುಕೊಂಡರೆ, ಆ ಗೆರೆ ಮೂಡದಿದ್ದದ್ದಕ್ಕಾಗಿ ಅವಳನ್ನು ದೂರುತ್ತೇವೆಯೇ?

ಹಟಮಾರಿ ವಿದ್ಯಾರ್ಥಿ ಇದಕ್ಕೂ ಜಗ್ಗುವುದಿಲ್ಲ. ಆ ಗೆರೆಗೂ ಅವಳ ನಿರ್ಧಾರಕ್ಕೂ ಕಾರಣದ ಗಟ್ಟಿ ಗಂಟು ಇದೆಯೇ ಎಂದು ತಿರುಗಿಸಿ ಕೇಳುತ್ತಾನೆ. ಇದ್ದರೆ ಎಲ್ಲ ಮೊದಲೇ ನಿಶ್ಚಿತ ಎಂದು ನೀವು ಗುಟ್ಟಾಗಿ ಊಹಿಸಿಕೊಂಡಿದ್ದೀರಿ. ಇಲ್ಲದಿದ್ದರೆ ಗೆರೆ ಏನೇ ಹೇಳಲಿ, ಅವಳು ಕೊನೆಯ ಗಳಿಗೆಯಲ್ಲಿ ಬೇರೆ ನಿರ್ಧಾರ ಮಾಡಬಹುದಿತ್ತು. ರಾಬರ್ಟ್ ಕೇನ್ ಮತ್ತು ಡೇವಿಡ್ ವಿಡರ್ಕರ್ ಫ್ರಾಂಕ್‌ಫರ್ಟ್‌ನ ವಿರುದ್ಧ ಒಡ್ಡಿದ ಇಕ್ಕಟ್ಟು ಇದೇ, ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ. ನನಗೆ ಕೇಳಿದರೆ ಫ್ರಾಂಕ್‌ಫರ್ಟ್‌ಗಿಂತ ಈ ವಿದ್ಯಾರ್ಥಿಯ ಪಕ್ಷವೇ ತುಸು ಬಲವಾದದ್ದು. ಆದರೆ ತರಗತಿಯಲ್ಲಿ ಅದನ್ನು ಹೇಳುವಂತಿಲ್ಲ.

ಉದಾಹರಣೆಯ ಆಯ್ಕೆಯಲ್ಲಿ ಒಂದು ಬಲೆ ಇದೆ. ಪ್ರಾಕ್ಸಿಯ ಬದಲು, ಕಂಡಕ್ಟರ್ ಚಿಲ್ಲರೆ ಹೆಚ್ಚು ಕೊಟ್ಟಾಗ ಸುಮ್ಮನಿದ್ದ ಪ್ರಸಂಗವನ್ನು ಆರಿಸಿದ್ದರೆ ಇಡೀ ಸರಣಿ ಕೈಕೊಡಬಹುದಿತ್ತು. ಸಹಿ ಹಾಕಿದ್ದು ಒಂದು ಕ್ರಿಯೆ; ಸುಮ್ಮನಿದ್ದದ್ದು ಮಾಡದೇ ಬಿಟ್ಟ ಕೆಲಸ. ಫಿಷರ್ ಮತ್ತು ಮಾರ್ಕ್ ರವಿಜಾ 1991ರಲ್ಲಿ ಒಂದು ಪ್ರಸಂಗ ಕೊಟ್ಟರು. ಸಮುದ್ರದಲ್ಲಿ ಮಗುವೊಂದು ಮುಳುಗುತ್ತಿದೆ. ದಡದಲ್ಲಿರುವವನು ಗೋಜು ಬೇಡವೆಂದು ಸುಮ್ಮನಿರುತ್ತಾನೆ. ಅವನಿಗೆ ಗೊತ್ತಿಲ್ಲ, ನೀರಿಗಿಳಿದಿದ್ದರೂ ನಡುವೆ ಇದ್ದ ಶಾರ್ಕ್‌ಗಳು ಅವನನ್ನು ಮಗುವಿನ ತನಕ ಹೋಗಗೊಡುತ್ತಿರಲಿಲ್ಲ. ಪ್ರಯತ್ನಪಡದ್ದಕ್ಕೆ ಅವನನ್ನು ದೂರುತ್ತೇವೆ. ಉಳಿಸದ್ದಕ್ಕೆ? ಹೆಚ್ಚಿನವರ ಮನಸ್ಸು ಇಲ್ಲಿ ‘ಇಲ್ಲ’ ಎನ್ನುತ್ತದೆ. ಅಂದರೆ ಮಾಡದ ಕೆಲಸಗಳ ವಿಷಯದಲ್ಲಿ ಬೇರೆ ದಾರಿಯ ವಾಕ್ಯ ಮತ್ತೆ ಜೀವ ಪಡೆಯುತ್ತದೆ. ಇದು ಒಳ್ಳೆಯ ಚರ್ಚೆಯೇ, ಆದರೆ ಮೊದಲ ದಿನ ಬಂದರೆ ಎಳೆ ಕಡಿದುಹೋಗುತ್ತದೆ.

ಗಮನಿಸಿ, ಇಲ್ಲಿಯವರೆಗೂ ನಿಯತಿವಾದದ ಹೆಸರೇ ಎತ್ತಿಲ್ಲ. ಎರಡು ತಾಸಿನ ಒಂದು ತರಗತಿ ಇಷ್ಟಕ್ಕೇ ಮುಗಿದರೆ ಸೋತಂತಲ್ಲ. ಎರಡನೆಯ ದಿನ ಅದನ್ನು ತರಬೇಕು, ನಿಧಾನವಾಗಿ. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ 1814ರಲ್ಲಿ ಬರೆದದ್ದರ ತಿರುಳು ಸಾಕು: ಈ ಕ್ಷಣದ ಜಗತ್ತಿನ ಪ್ರತಿ ಕಣದ ಸ್ಥಿತಿಯನ್ನೂ ಅವುಗಳ ಮೇಲಿನ ಎಲ್ಲ ಬಲಗಳನ್ನೂ ಬಲ್ಲ ಬುದ್ಧಿಯೊಂದಿದ್ದರೆ ಅದಕ್ಕೆ ಮುಂದಿನದು ಹಿಂದಿನದು ಎರಡೂ ಕಣ್ಣ ಮುಂದಿದ್ದಂತೆ.

ತಕ್ಷಣ ಯಾರೋ ಹೇಳುತ್ತಾರೆ: “ಅದೇ ಸರ್, ಎಲ್ಲ ಮೊದಲೇ ಬರೆದಿದೆ.” ಸೆಮಿನಾರು ದಾರಿ ತಪ್ಪುವ ಅತಿ ದೊಡ್ಡ ತಿರುವು ಇದು. ತಪ್ಪಿದೆಯೇ ಎಂದು ತಿಳಿಯಲು ಒಂದು ಗುರುತು ಇದೆ. ವಿದ್ಯಾರ್ಥಿಯ ಮಾತಿನಲ್ಲಿ ‘ಏನೇ ಮಾಡಿದರೂ’ ಎಂಬ ಪದ ಬಂತೆಂದರೆ ಅವನು ನಿಯತಿವಾದದಿಂದ ವಿಧಿವಾದಕ್ಕೆ ಜಾರಿದ್ದಾನೆ. ತಿದ್ದಿ ಹೇಳುವುದರ ಬದಲು ಪ್ರಾಚೀನರು ‘ಸೋಮಾರಿಯ ವಾದ’ ಎಂದು ಕರೆದದ್ದನ್ನು ಮುಂದಿಡಬಹುದು. ಸಿಸೆರೊ ವಿಧಿಯ ಮೇಲಿನ ತನ್ನ ಕೃತಿಯಲ್ಲಿ ಅದನ್ನು ದಾಖಲಿಸಿದ್ದಾನೆ. ಕಾಯಿಲೆ ವಾಸಿಯಾಗುವುದು ವಿಧಿಯಲ್ಲಿದ್ದರೆ ವೈದ್ಯರನ್ನು ಕರೆದರೂ ಬಿಟ್ಟರೂ ವಾಸಿಯಾಗುತ್ತದೆ. ಆಗದಿರುವುದು ವಿಧಿಯಲ್ಲಿದ್ದರೆ ಕರೆದರೂ ಆಗುವುದಿಲ್ಲ. ಆದ್ದರಿಂದ ಕರೆಯುವುದು ವ್ಯರ್ಥ. “ಈ ವಾದ ಒಪ್ಪಿಗೆಯೇ? ನಾಳೆ ಜ್ವರ ಬಂದರೆ ಮಾತ್ರೆ ತೆಗೆದುಕೊಳ್ಳುವುದಿಲ್ಲವೇ?”

ಸ್ಟೊಯಿಕ್ ಪಂಥದ ಕ್ರಿಸಿಪಸ್ ಕೊಟ್ಟ ಉತ್ತರವನ್ನು ಸಾಮಾನ್ಯವಾಗಿ ವಿದ್ಯಾರ್ಥಿಗಳೇ ಕಂಡುಕೊಳ್ಳುತ್ತಾರೆ: ವಾಸಿಯಾಗುವುದು ನಿಶ್ಚಿತವಾಗಿದ್ದರೆ, ವೈದ್ಯರನ್ನು ಕರೆಯುವುದೂ ಅದರ ಜೊತೆಗೇ ನಿಶ್ಚಿತವಾಗಿರಬಹುದು. ಕರೆದದ್ದರಿಂದಲೇ ವಾಸಿ. ವಿಧಿವಾದದಲ್ಲಿ ನನ್ನ ನಿರ್ಧಾರಕ್ಕೆ ಕೆಲಸವಿಲ್ಲ. ನಿಯತಿವಾದದಲ್ಲಿ ನನ್ನ ನಿರ್ಧಾರ ಕಾರಣಗಳ ಸರಪಳಿಯ ಒಂದು ಕೊಂಡಿ, ಅದಿಲ್ಲದೆ ಮುಂದಿನ ಕೊಂಡಿ ಇಲ್ಲ. ಕರ್ಮದ ಮಾತೆತ್ತುವ ವಿದ್ಯಾರ್ಥಿಗೂ ಇದೇ ಜಾಗದಲ್ಲಿ ಒಂದು ಪ್ರಶ್ನೆ ಸಾಕು: ಹಿಂದಿನ ಜನ್ಮದಲ್ಲಿ ಆ ಕರ್ಮ ಮಾಡಿದವನಿಗೆ ಬೇರೆ ದಾರಿ ಇತ್ತೇ? ಇತ್ತು ಎಂದರೆ ಈ ಜನ್ಮದಲ್ಲೂ ಏಕಿರಬಾರದು?

ಹಾಗೆಯೇ ಬೆಂಜಮಿನ್ ಲಿಬೆಟ್‌ನ ಹೆಸರು ಬರದೇ ಇರುವುದಿಲ್ಲ. 1983ರಲ್ಲಿ ಪ್ರಕಟವಾದ ಅವನ ಪ್ರಯೋಗದಲ್ಲಿ, ಜನ ಕೈಯನ್ನು ತಮಗೆ ಬೇಕೆನಿಸಿದಾಗ ಅಲುಗಿಸಿದರು. ಅಲುಗಿಸುವುದಕ್ಕೆ ಸುಮಾರು ಅರ್ಧ ಸೆಕೆಂಡ್ ಮೊದಲೇ ಮೆದುಳಿನಲ್ಲಿ ಸಿದ್ಧತೆಯ ಸಂಕೇತ ಕಂಡಿತು. ‘ಈಗ ಬೇಕೆನಿಸಿತು’ ಎಂದು ಅವರು ಹೇಳಿದ ಗಳಿಗೆ ಅದಕ್ಕಿಂತ ತಡವಾಗಿತ್ತು, ಅಲುಗಿಸುವುದಕ್ಕೆ ಸುಮಾರು 200 ಮಿಲಿಸೆಕೆಂಡ್ ಮೊದಲು. ಇದು ಅರಿವು ಯಾವಾಗ ಬರುತ್ತದೆ ಎಂಬ ಪ್ರಶ್ನೆ. ಎಲ್ಲಕ್ಕೂ ಮೊದಲೇ ಕಾರಣವಿದೆಯೇ ಎಂಬುದು ಬೇರೆ ಪ್ರಶ್ನೆ. ಹಲಗೆಯ ಮೂಲೆಯಲ್ಲಿ ಹೆಸರು ಬರೆದು ಮುಂದೆ ಹೋಗುವುದೇ ಲೇಸು.

ಈಗ ಹತ್ತುವ ಮೆಟ್ಟಿಲುಗಳು ಪೀಟರ್ ವ್ಯಾನ್ ಇನ್‌ವಾಗನ್‌ನವು. 1983ರ ಅವನ ಪುಸ್ತಕದ ಪ್ರಸಿದ್ಧ ವಾದವನ್ನು ಪ್ರಶ್ನೆಗಳಾಗಿ ಒಡೆದರೆ ಹೀಗಾಗುತ್ತದೆ. “ನೀನು ಹುಟ್ಟುವ ಮೊದಲು ಜಗತ್ತು ಹೇಗಿತ್ತು ಎಂಬುದು ನಿನ್ನ ಕೈಯಲ್ಲಿದೆಯೇ?” ಇಲ್ಲ. “ಪ್ರಕೃತಿಯ ನಿಯಮಗಳು?” ಅವೂ ಇಲ್ಲ. “ನಿಯತಿವಾದ ನಿಜವಾದರೆ, ಆ ಎರಡೂ ಸೇರಿದರೆ ಆ ದಿನದ ಸಹಿ ಬಂದೇ ಬರುತ್ತದೆ ತಾನೇ?” ಹೌದು. “ಹಾಗಾದರೆ ಸಹಿ ನಿನ್ನ ಕೈಯಲ್ಲಿತ್ತೇ?”

ಜಾಣೆಯಾದವಳು ಇಲ್ಲಿ ಹೇಳುವುದು: “ಮನಸ್ಸು ಮಾಡಿದ್ದರೆ ಹಾಕದೇ ಇರುತ್ತಿದ್ದೆ. ‘ಸಾಧ್ಯವಿತ್ತು’ ಅಂದರೆ ಇಷ್ಟೇ ಅರ್ಥ.” ಜಿ.ಇ. ಮೂರ್ 1912ರಲ್ಲಿ ಇಂಥದೇ ದಾರಿ ತೋರಿಸಿದ್ದ. ಇದು ನಿಯತಿವಾದದ ಜೊತೆಗೂ ಹೊಂದಿಕೊಳ್ಳುತ್ತದೆ. ಅವಳ ಉತ್ತರವನ್ನು ಪರೀಕ್ಷಿಸಲು ಒಬ್ಬನನ್ನು ತರೋಣ. ಅವನಿಗೆ ಹಾವೆಂದರೆ ವಿಪರೀತ ಭಯ, ಹಿಡಿಯಬೇಕೆಂದು ಮನಸ್ಸು ಮಾಡುವುದೇ ಅವನಿಂದಾಗದು. ಮನಸ್ಸು ಮಾಡಿದ್ದರೆ ಹಿಡಿಯುತ್ತಿದ್ದ ಎಂಬುದು ನಿಜ, ಕೈಗೆ ಏನೂ ಆಗಿಲ್ಲವಲ್ಲ. ಅವನಿಗೆ ಹಿಡಿಯಲು ಸಾಧ್ಯವಿತ್ತು ಎನ್ನುತ್ತೀಯಾ? ಅವಳು ಇಲ್ಲ ಎಂದರೆ ಮೂರ್‌ನ ಅರ್ಥಕ್ಕೆ ಇನ್ನಷ್ಟು ಸೇರಿಸಬೇಕಾಗುತ್ತದೆ. ಏನು ಸೇರಿಸಬೇಕೆಂದು ಅವಳೇ ಹುಡುಕಲಿ.

ಎರಡು ದಿನದ ಎಳೆಗಳು ಕೂಡುವ ಪ್ರಶ್ನೆ ಇದರ ನಂತರದ್ದು. ಇಡೀ ಸರಣಿಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸುವುದೂ ಇದೇ. ಮೊದಲ ದಿನ ಯಂತ್ರವಿದ್ದರೂ ನಿನ್ನದೇ ತಪ್ಪು ಎಂದೆ, ಏಕೆಂದರೆ ಯಂತ್ರ ಏನೂ ಮಾಡಲಿಲ್ಲ. “ನೀನು ಹುಟ್ಟುವ ಮೊದಲಿನ ಜಗತ್ತೂ ಆ ಯಂತ್ರದಂತೆ ಸುಮ್ಮನೆ ಪಕ್ಕದಲ್ಲಿ ನಿಂತಿತ್ತೇ, ಅಥವಾ ನಿನ್ನೊಳಗಿನಿಂದಲೇ ಹಾದುಬಂತೇ?” ಯಂತ್ರ ಬೇರೆ ದಾರಿಗಳನ್ನು ಮುಚ್ಚಿತ್ತು, ನಡೆದ ದಾರಿಯನ್ನು ಮುಟ್ಟಿರಲಿಲ್ಲ. ನಿಯತಿವಾದ ನಿಜವಾದರೆ ನಡೆದ ದಾರಿಯೇ ಆ ಹಳೆಯ ಕಾರಣಗಳಿಂದ ಬಂದದ್ದು. ಆದ್ದರಿಂದ ಫ್ರಾಂಕ್‌ಫರ್ಟ್ ಗೆದ್ದರೂ ಹೊಣೆಯನ್ನು ನಿಯತಿವಾದದಿಂದ ಪೂರ್ತಿ ಉಳಿಸಿಕೊಟ್ಟಂತಾಗುವುದಿಲ್ಲ. ಅವನು ಒಂದು ಬಾಗಿಲು ಮುಚ್ಚಿದ್ದಾನೆ, ಅಷ್ಟೆ. ‘ನನ್ನಿಂದ ಹೊರಟದ್ದು’ ಎನ್ನುವಾಗ ಎಷ್ಟು ಹಿಂದಿನವರೆಗೆ ನನ್ನಿಂದಾಗಿರಬೇಕು ಎಂಬುದು ತೆರೆದೇ ಇದೆ.

ಇಲ್ಲಿ ಪ್ಲೇಟೋನ ‘ಫೀಡೋ’ ಸಂವಾದದ ಒಂದು ಭಾಗವನ್ನು ಓದಿಸಬಹುದು. ಸೆರೆಮನೆಯಲ್ಲಿ, ವಿಷ ಕುಡಿಯಬೇಕಾದ ದಿನ, ಸಾಕ್ರಟೀಸ್ ತಾನು ಅಲ್ಲಿ ಏಕೆ ಕೂತಿದ್ದೇನೆಂದು ವಿವರಿಸುತ್ತಾನೆ. ಮೂಳೆ, ಸ್ನಾಯು, ಕೀಲುಗಳಿಂದ ಕಾಲು ಮಡಚಿದೆ ಎಂದರೆ ಅದು ಕಾರಣ ಹೇಳಿದಂತಲ್ಲ. ಅಥೆನ್ಸಿನವರು ಶಿಕ್ಷೆ ವಿಧಿಸುವುದು ಸರಿ ಎಂದುಕೊಂಡರು, ನಾನು ಓಡಿಹೋಗದೆ ಅನುಭವಿಸುವುದು ಸರಿ ಎಂದುಕೊಂಡೆ, ಅದು ನಿಜವಾದ ಕಾರಣ. ಇಲ್ಲದಿದ್ದರೆ ಈ ಮೂಳೆ ಸ್ನಾಯುಗಳು ಎಂದೋ ಮೆಗಾರಾಗೋ ಬಿಯೋಷಿಯಾಗೋ ಹೋಗಿರುತ್ತಿದ್ದವು ಎನ್ನುತ್ತಾನೆ. ಮೂಳೆಗಳಿಲ್ಲದೆ ಕೂರಲಾಗದು ಎಂಬುದನ್ನು ಅವನು ಅಲ್ಲಗಳೆಯುವುದಿಲ್ಲ. ಈಗ ವಿದ್ಯಾರ್ಥಿಗಳಿಗೆ ಕೇಳಬೇಕಾದದ್ದು: ‘ಇದೇ ಸರಿ ಎಂದುಕೊಂಡೆ’ ಎಂಬುದಕ್ಕೂ ಹಿಂದೆ ಕಾರಣಗಳಿದ್ದರೆ, ಅದು ಸಾಕ್ರಟೀಸನ ಕಾರಣವಾಗಿ ಉಳಿಯುವುದಿಲ್ಲವೇ?

ಪ್ರಶ್ನೆಗಳು ನಿಜವಾಗಿ ಪ್ರಶ್ನೆಗಳಾಗಿದ್ದವೋ ಎಂದು ಮೇಷ್ಟ್ರು ತಮ್ಮನ್ನೇ ಪರೀಕ್ಷಿಸಿಕೊಳ್ಳಲು ‘ಮೆನೊ’ ಸಂವಾದದ ಗುಲಾಮ ಹುಡುಗನನ್ನು ನೆನೆಯಬಹುದು. ಚೌಕದ ರೇಖಾಗಣಿತವನ್ನು ಅವನೇ ಕಂಡುಕೊಂಡ ಎಂದು ಸಾಕ್ರಟೀಸ್ ಹೇಳಿಕೊಂಡರೂ, ಅವನ ಬಹುಪಾಲು ಉತ್ತರಗಳು ‘ಹೌದು’ ಎಂಬಷ್ಟೇ. ಮೇಲಿನ ಸರಣಿಯಲ್ಲಿ ವ್ಯಾನ್ ಇನ್‌ವಾಗನ್‌ನ ಮೆಟ್ಟಿಲುಗಳೂ ಅದೇ ರೋಗದವು: ಇಲ್ಲ, ಇಲ್ಲ, ಹೌದು. ಅಲ್ಲಿ ಒಂದು ಹೆಜ್ಜೆ ಹಿಂದೆ ಸರಿದು, “ಈ ಮೂರರಲ್ಲಿ ನೀನು ಅನುಮಾನದಿಂದ ಒಪ್ಪಿದ್ದು ಯಾವುದು?” ಎಂದು ಕೇಳದಿದ್ದರೆ ತರಗತಿ ಮೇಷ್ಟ್ರ ಹಿಂದೆ ನಡೆದಿರುತ್ತದೆ, ಯೋಚಿಸಿರುವುದಿಲ್ಲ.

ಇಷ್ಟಾದ ಮೇಲೂ ಸಮಯ ಉಳಿದರೆ ಪಿ.ಎಫ್. ಸ್ಟ್ರಾಸನ್ 1962ರಲ್ಲಿ ಎತ್ತಿದ ಪ್ರಶ್ನೆ ಇದೆ. ನಾಳೆ ಭೌತವಿಜ್ಞಾನಿಗಳು ನಿಯತಿವಾದ ನಿಜವೆಂದು ಸಾಧಿಸಿದರು ಎನ್ನೋಣ. ನಿನ್ನ ಗೆಳತಿ ನಿನಗೆ ಮೋಸ ಮಾಡಿದರೆ ನಿನಗೆ ಕೋಪ ಬರುವುದು ನಿಲ್ಲುತ್ತದೆಯೇ? ನಿಲ್ಲದು ಎಂದು ಬಹುತೇಕ ಎಲ್ಲರೂ ಹೇಳುತ್ತಾರೆ. ‘ನಿಲ್ಲದು’ ಎಂಬುದರಿಂದ ‘ನಿಲ್ಲಬೇಕಿಲ್ಲ’ ಎಂಬುದು ಹೇಗೆ ಬಂತು ಎಂದು ಕೇಳುವವರು ಒಬ್ಬರಾದರೂ ಇರುತ್ತಾರೆ. ಮುಂದಿನ ವಾರದ ತರಗತಿಯನ್ನು ಅವರಿಂದ ಶುರುಮಾಡಬಹುದು.